ರಾಜೀನಾಮೆ ಮೇಲ್ ಬರೆದಿದ್ದೇನೆ, 90 ದಿನ ನೋಟಿಸ್ ಇದೆ, ಕಳಿಸೋ ಮುಂಚೆ ಒಮ್ಮೆ ನೋಡ್ತೀರಾ?

ತಟ್ಟೆಇಡ್ಲಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಕಂಪನಿಯಲ್ಲಿ ಬ್ಯಾಕೆಂಡ್ ಇಂಜಿನಿಯರ್ ಆಗಿದ್ದೇನೆ, ಪೇಮೆಂಟ್ ಟೀಮು. ಬೇರೆ ಕಡೆ ಆಫರ್ ಸಿಕ್ಕಿದೆ. ಮೇ 5ಕ್ಕೆ ಬಂದು ಸೇರಿ ಅಂತಿದ್ದಾರೆ. ನನ್ನ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ 90 ದಿನ ನೋಟಿಸ್ ಇದೆ. ಮುಂದಿನ ಸೋಮವಾರ, ಅಂದರೆ 2025ರ ಮಾರ್ಚ್ 3ಕ್ಕೆ ಮ್ಯಾನೇಜರ್‌ಗೆ ಮೇಲ್ ಹಾಕೋಣ ಅಂತಿದ್ದೇನೆ. ಮೊದಲ ಸಲ ಕೆಲಸ ಬಿಡ್ತಾ ಇರೋದು, ಕೈ ನಡುಗ್ತಾ ಇದೆ. ಮೇಲ್ ಇಂಗ್ಲಿಷಿನಲ್ಲಿದೆ, ನಿಮಗಾಗಿ ಕನ್ನಡದಲ್ಲಿ ಹಾಕಿದ್ದೇನೆ:

"ಸರ್, ಭಾರವಾದ ಮನಸ್ಸಿನಿಂದ ಇದನ್ನು ಬರೆಯುತ್ತಿದ್ದೇನೆ. ಸ್ವಂತ ಕಾರಣಗಳಿಂದ, ಮತ್ತು ಕಳೆದ ಎರಡು ಅಪ್ರೈಸಲ್‌ನಲ್ಲಿ ನನ್ನ ಕೆಲಸಕ್ಕೆ ತಕ್ಕ ಬೆಲೆ ಸಿಗಲಿಲ್ಲವಾದ್ದರಿಂದ, ಕೆಲಸ ಬಿಡಬೇಕು ಅಂತ ಯೋಚಿಸುತ್ತಿದ್ದೇನೆ. ದಯವಿಟ್ಟು ಆದಷ್ಟು ಬೇಗ ನನ್ನನ್ನು ಬಿಡುಗಡೆ ಮಾಡಿ. ಈ ಕಂಪನಿ ನನಗೆ ಎರಡನೇ ಮನೆ ಇದ್ದಂತೆ. ಎಲ್ಲರಿಗೂ ಋಣಿ. ನನ್ನ ಎಲ್ಲ ಕೆಲಸವನ್ನೂ ಪೂರ್ತಿಯಾಗಿ ಹ್ಯಾಂಡೋವರ್ ಮಾಡಿಯೇ ಹೋಗುತ್ತೇನೆ."

ಹೇಗಿದೆ? ತಪ್ಪಿದ್ದರೆ ಬೈಯಿರಿ, ಪರವಾಗಿಲ್ಲ.

ಬೈಟುಕಾಫಿ

"ಯೋಚಿಸುತ್ತಿದ್ದೇನೆ" ಅಂದರೆ ಅದು ರಾಜೀನಾಮೆ ಅಲ್ಲ ತಾಯಿ, ಮನೆಯಲ್ಲಿ ಅಪ್ಪನ ಹತ್ತಿರ ಟ್ರಿಪ್ಪಿಗೆ ಪರ್ಮಿಷನ್ ಕೇಳಿದ ಹಾಗಿದೆ. ನಿಮ್ಮ ಮ್ಯಾನೇಜರ್ "ಬಾರಮ್ಮ ಕಾಫಿ ಕುಡಿಯೋಣ" ಅಂತ ಕರೀತಾರೆ, ಎರಡು ವಾರ ಹಾಗೇ ಹೋಗುತ್ತೆ. ಆಮೇಲೆ "ಅಯ್ಯೋ ಅದು ರಾಜೀನಾಮೆನಾ? ಮಾತಾಡ್ತಾ ಇದ್ದೀವಿ ಅಂದ್ಕೊಂಡೆ" ಅಂತಾರೆ. ನನಗೆ ಆಗಿದೆ.

ಹಳೇ_ಎಚ್‌ಆರ್

ಹದಿನಾಲ್ಕು ವರ್ಷ ಎಚ್‌ಆರ್‌ನಲ್ಲಿದ್ದೆ, ಈಗ ಬಿಟ್ಟು ತೋಟ ನೋಡ್ಕೊಂಡಿದ್ದೇನೆ. ಆದ್ದರಿಂದ ನಿಜ ಹೇಳಬಹುದು.

ರಾಜೀನಾಮೆ ಮೇಲ್‌ನಲ್ಲಿ ನಾವು ನೋಡ್ತಿದ್ದದ್ದು ಎರಡೇ ತಾರೀಕು. ಕೊಟ್ಟ ದಿನ, ಕೊನೆಯ ದಿನ. ನಿಮ್ಮದರಲ್ಲಿ ಎರಡೂ ಇಲ್ಲ. "ಆದಷ್ಟು ಬೇಗ" ಅಂತ ಬರೆದರೆ ಅದು ಯಾವತ್ತು ಅನ್ನೋದನ್ನು ಕಂಪನಿಯೇ ತೀರ್ಮಾನ ಮಾಡುತ್ತೆ. ನೀವೇ ಎಣಿಸಿ ಬರೆಯಿರಿ. ಮಾರ್ಚ್ 3ಕ್ಕೆ ಕೊಟ್ಟರೆ ಮಾರನೇ ದಿನದಿಂದ ಎಣಿಕೆ. ಮಾರ್ಚ್‌ನಲ್ಲಿ 28, ಏಪ್ರಿಲ್‌ನಲ್ಲಿ 30, ಮೇನಲ್ಲಿ 31, ಒಟ್ಟು 89. ತೊಂಬತ್ತನೇ ದಿನ ಜೂನ್ 1, ಅವತ್ತು ಭಾನುವಾರ. ಕೊಟ್ಟ ದಿನವನ್ನೂ ಸೇರಿಸಿ ಎಣಿಸುವ ಕಂಪನಿ ಇದ್ದರೆ ಮೇ 31. ಎರಡರಲ್ಲಿ ಯಾವುದು ಅಂತ ಪೋರ್ಟಲ್‌ನಲ್ಲಿ ತೋರಿಸುತ್ತೆ, ಅದನ್ನು ನೋಡಿಕೊಂಡು ಮೇಲ್‌ನಲ್ಲೂ ಅದೇ ತಾರೀಕು ಹಾಕಿ. ಮೇಲ್ ಒಂದು ಹೇಳಿ ಪೋರ್ಟಲ್ ಇನ್ನೊಂದು ಹೇಳಿದರೆ ರಿಲೀವಿಂಗ್ ಲೆಟರ್ ಬರೋ ಹೊತ್ತಿಗೆ ಜಗಳ ಶುರು.

ಒಂದು ದಿನಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕಾ ಅಂತ ಅನ್ನಿಸಬಹುದು. ಆದರೆ ಕೊನೆಯ ದಿನ ಮೇನಲ್ಲಿ ಬಿದ್ದರೆ ಮೇ ತಿಂಗಳ ಪೇರೋಲ್, ಜೂನ್ 1 ಆದರೆ ಜೂನ್ ಪೇರೋಲ್. ಫುಲ್ ಅಂಡ್ ಫೈನಲ್ ದುಡ್ಡು ಒಂದು ತಿಂಗಳು ಹಿಂದಕ್ಕೆ ಹೋಗಬಹುದು.

ಗುಂಡ_ಇನ್_ವೈಟ್‌ಫೀಲ್ಡ್

ಮ್ಯಾನೇಜರ್ ಅಕ್ಸೆಪ್ಟ್ ಮಾಡೋವರೆಗೂ ನೋಟಿಸ್ ಶುರುವೇ ಆಗಲ್ಲ ಗುರು. ಪೋರ್ಟಲ್‌ನಲ್ಲಿ ಪೆಂಡಿಂಗ್ ಅಂತ ಇದ್ದರೆ ಲೆಕ್ಕಕ್ಕೇ ಇಲ್ಲ.

ಹಳೇ_ಎಚ್‌ಆರ್

ಗುಂಡಣ್ಣ, ಅರ್ಧ ಸರಿ. ಒಪ್ಪಿಗೆ ಪತ್ರ ಕೇಳಿ ಪಡೀಬೇಕು, ಅದು ನಿಜ. ಆದರೆ ನೋಟಿಸ್ ಲೆಕ್ಕ ಸಾಮಾನ್ಯವಾಗಿ ನೀವು ಬರವಣಿಗೆಯಲ್ಲಿ ಕೊಟ್ಟ ದಿನದಿಂದಲೇ. ಮ್ಯಾನೇಜರ್ ಬಟನ್ ಒತ್ತದೇ ಕೂತರೂ ಆ ದಿನಗಳೆಲ್ಲ ನೋಟಿಸ್ ಲೆಕ್ಕಕ್ಕೇ ಸೇರುತ್ತವೆ. ಅದಕ್ಕೇ ಮೇಲ್ ಮ್ಯಾನೇಜರ್ ಒಬ್ಬರಿಗೇ ಹೋಗಬಾರದು, ಎಚ್‌ಆರ್‌ಗೂ ಒಟ್ಟಿಗೆ ಹೋಗಬೇಕು. ಅವರವರ ಲೆಟರ್‌ನಲ್ಲಿ ಬೇರೆ ಥರ ಬರೆದಿದ್ದರೆ ಅದನ್ನು ಓದಿಕೊಳ್ಳಿ.

ಸಿರ್ಸಿ_ಸರ್ವರ್

ನಿಮ್ಮ ಜಿಮೇಲ್‌ಗೆ ಬಿಸಿಸಿ ಹಾಕಿಕೊಳ್ಳಿ. ಲ್ಯಾಪ್‌ಟಾಪ್ ಕಿತ್ಕೊಂಡ ಮೇಲೆ ಸಾಕ್ಷಿ ಇರಲ್ಲ.

ನೂರೆಂಟು_ಟ್ಯಾಬ್

ಅದು ನಮ್ಮಲ್ಲಿ ಅಪಾಯ. ಹೊರಗಿನ ಮೇಲ್ ಐಡಿಗೆ ಏನೇ ಹೋದರೂ ಸೆಕ್ಯುರಿಟಿ ಟೀಮಿಗೆ ಅಲರ್ಟ್ ಬರುತ್ತೆ. ರಾಜೀನಾಮೆ ಕೊಟ್ಟ ದಿನವೇ ಹೊರಗೆ ಮೇಲ್ ಹೋಗಿದೆ ಅಂದರೆ ಇನ್ನೂ ಜೋರು. ಫೋನಿನಲ್ಲಿ ಸ್ಕ್ರೀನ್ ಫೋಟೋ ತೆಗೆದುಕೊಂಡರೆ ಸಾಕು.

ಸಿರ್ಸಿ_ಸರ್ವರ್

ರಾಜೀನಾಮೆ ಪತ್ರ ನನ್ನದು, ಕಂಪನಿ ಡೇಟಾ ಅಲ್ಲ. ನನ್ನ ಪತ್ರ ನನಗೆ ಕಳಿಸ್ಕೊಳ್ಳೋಕೂ ಹೆದರಬೇಕಾ?

ನೂರೆಂಟು_ಟ್ಯಾಬ್

ಹೆದರಬೇಡಿ, ಸೆಕ್ಯುರಿಟಿಯವರಿಗೆ ಒಂದು ತಾಸು ಅದನ್ನೇ ವಿವರಿಸಿ.

ತಟ್ಟೆಇಡ್ಲಿ

ಸರಿ, ತಾರೀಕು ಹಾಕ್ತೇನೆ. ಆದರೆ ಹೊಸ ಕಂಪನಿಯವರು ಮೇ 5 ಅಂತಾರಲ್ಲ? ಅಂದರೆ ನಾನು ಮೇ 2ರ ಶುಕ್ರವಾರಕ್ಕೆ ಇಲ್ಲಿಂದ ಹೊರಡಬೇಕು. 30 ದಿನ ಕಡಿಮೆ ಬೀಳುತ್ತೆ. ಲೆಟರ್‌ನಲ್ಲಿ "ನೋಟಿಸ್ ಬದಲು ಸಂಬಳ ಕೊಡಬಹುದು" ಅಂತ ಒಂದು ಸಾಲಿದೆ.

ಗುಂಡ_ಇನ್_ವೈಟ್‌ಫೀಲ್ಡ್

ಸುಲಭ. ಮೇ ಪೂರ್ತಿ ಇಲ್ಲಿ ರಜೆ ಹಾಕಿ, ಅಲ್ಲಿ ಸೇರಿಕೊಳ್ಳಿ. ಯಾರಿಗೂ ಗೊತ್ತಾಗಲ್ಲ.

ಶೆಟ್ರ_ಮಗಳು

ಗೊತ್ತಾಗುತ್ತೆ! ನನ್ನ ತಮ್ಮ ಇದನ್ನೇ ಮಾಡಿ ಒಂದು ವರ್ಷ ಒದ್ದಾಡಿದ. ಪಿಎಫ್‌ನಲ್ಲಿ ಹಳೇ ಕಂಪನಿ ಬಿಟ್ಟ ತಾರೀಕು, ಹೊಸ ಕಂಪನಿ ಸೇರಿದ ತಾರೀಕು ಎರಡೂ ಒಂದೇ ಯುಎಎನ್ ಅಡಿಯಲ್ಲಿ ಬೀಳ್ತಾವೆ. ಬಿಡೋ ಮುಂಚೆಯೇ ಸೇರಿದ್ದು ಅಲ್ಲಿ ಎದ್ದು ಕಾಣುತ್ತೆ. ಅವನ ಟ್ರಾನ್ಸ್‌ಫರ್ ಎರಡು ಸಲ ರಿಜೆಕ್ಟ್ ಆಯ್ತು. ಮುಂದೆ ಬ್ಯಾಕ್‌ಗ್ರೌಂಡ್ ಚೆಕ್ ಮಾಡುವವರೂ ಮೊದಲು ನೋಡೋದು ಅದನ್ನೇ.

ಹಳೇ_ಎಚ್‌ಆರ್

ಶೆಟ್ರ ಮಗಳು ಹೇಳಿದ್ದು ಸರಿ, ಆ ದಾರಿ ಬೇಡ.

ಬೈಔಟ್‌ಗೆ ಬರೋಣ. "ಸಂಬಳ" ಅಂದರೆ ಯಾವ ಸಂಬಳ ಅಂತ ಲೆಟರ್‌ನಲ್ಲಿ ಹುಡುಕಿ. ಗ್ರಾಸ್ ಅಂತಿದೆಯಾ, ಬೇಸಿಕ್ ಅಂತಿದೆಯಾ? ಗ್ರಾಸ್ 1,20,000 ಇದ್ದು ಬೇಸಿಕ್ 48,000 ಇದ್ದರೆ, 30 ದಿನಕ್ಕೆ ಒಂದು ಲೆಕ್ಕದಲ್ಲಿ ಒಂದು ಲಕ್ಷದ ಇಪ್ಪತ್ತು ಸಾವಿರ, ಇನ್ನೊಂದರಲ್ಲಿ ನಲವತ್ತೆಂಟು ಸಾವಿರ. ಒಂದೇ ಪದ, 72,000 ವ್ಯತ್ಯಾಸ. ಆಮೇಲೆ ಆ ಸಾಲು "ಕಂಪನಿ ಒಪ್ಪಿದರೆ" ಅನ್ನುತ್ತಾ, "ಎರಡೂ ಕಡೆಯವರು ಕೊಡಬಹುದು" ಅನ್ನುತ್ತಾ ನೋಡಿ. ಮೊದಲನೆಯದಾದರೆ ಬೈಔಟ್ ನಿಮ್ಮ ಹಕ್ಕಲ್ಲ, ಬೇಡಿಕೆ ಅಷ್ಟೇ. ಮೇಲ್‌ನಲ್ಲಿ ಬೇಡಿಕೆಯ ಭಾಷೆಯಲ್ಲೇ ಬರೀಬೇಕು.

ಕಡ್ಲೆಕಾಯ್_ಪರಿಷೆ

ಅದರ ಮೇಲೆ 18% ಜಿಎಸ್‌ಟಿ ಬೇರೆ ಕಟ್ಟಬೇಕು ನೆನಪಿಡಿ. ನನ್ನ ಹತ್ತಿರ ಕಿತ್ಕೊಂಡರು.

ಹಳೇ_ಎಚ್‌ಆರ್

ಯಾವಾಗ ಕಿತ್ಕೊಂಡರು? 2022ರ ಆಗಸ್ಟ್‌ನಲ್ಲಿ ಸಿಬಿಐಸಿ ಸುತ್ತೋಲೆ ಬಂತು. ನೋಟಿಸ್ ಪೂರೈಸದೆ ಹೋದವರಿಂದ ಕಂಪನಿ ಹಿಡಿದುಕೊಳ್ಳುವ ದುಡ್ಡಿಗೆ ಜಿಎಸ್‌ಟಿ ಇಲ್ಲ ಅಂತ.

ಕಡ್ಲೆಕಾಯ್_ಪರಿಷೆ

2021. ಹಾಗಾದರೆ ನನ್ನ ದುಡ್ಡು ಗೋವಿಂದ.

ಮ್ಯೂನಿಕ್_ಮಂಜ

ಇಲ್ಲಿ ಜರ್ಮನಿಯಲ್ಲಿ ಮೇಲ್‌ನಲ್ಲಿ ರಾಜೀನಾಮೆ ಕೊಟ್ಟರೆ ಅದು ರಾಜೀನಾಮೆಯೇ ಅಲ್ಲ, ಗೊತ್ತಾ? ಕಾಗದದ ಮೇಲೆ ಪೆನ್ನಲ್ಲಿ ಸಹಿ ಮಾಡಿ ಕೈಗೆ ತಲುಪಿಸಬೇಕು, ಕಾನೂನೇ ಹಾಗಿದೆ. ಕೆಲಸಗಾರ ಕೊಡಬೇಕಾದ ನೋಟಿಸ್ ಕಾನೂನಿನ ಪ್ರಕಾರ ನಾಲ್ಕು ವಾರ, ಅದೂ ತಿಂಗಳ 15ಕ್ಕೋ ಕೊನೆಗೋ ಮುಗಿಯೋ ಹಾಗೆ. ಆದರೆ ಕಾಂಟ್ರ್ಯಾಕ್ಟ್‌ನಲ್ಲಿ ಜಾಸ್ತಿ ಬರೆದಿರ್ತಾರೆ, ನನ್ನದು ಮೂರು ತಿಂಗಳು. ನಾನು ಗೊತ್ತಿಲ್ಲದೆ ಚೆಂದದ ಮೇಲ್ ಹಾಕಿದ್ದೆ. ಎಚ್‌ಆರ್ ಹೆಂಗಸು ನಕ್ಕು "ಪ್ರಿಂಟ್ ತಗೊಂಡು ಬಾ" ಅಂದಳು. ತಿಂಗಳ ಕೊನೆಯ ದಿನ ಬೇರೆ, ಪ್ರಿಂಟರ್ ಹುಡುಕೋಕೆ ಓಡಿದ್ದು ಈಗಲೂ ನೆನಪಿದೆ.

ಬೈಟುಕಾಫಿ

ಮಂಜಣ್ಣ, ಅಲ್ಲಿಯೂ ಜೆರಾಕ್ಸ್ ಅಂಗಡಿ ಹಾಕಿ, ಬಿಸಿನೆಸ್ ಆಗುತ್ತೆ.

ಮಾಸ್ತರ್_ಹಾವೇರಿ

ನಾನು ಅನುದಾನಿತ ಶಾಲೆಯಲ್ಲಿ ಶಿಕ್ಷಕ. ರಾಜೀನಾಮೆ ಕೊಟ್ಟರೆ ಮುಖ್ಯೋಪಾಧ್ಯಾಯರು ತೆಗೆದುಕೊಳ್ಳುತ್ತಿಲ್ಲ. ಇದೇ ಮೇಲ್ ನಾನೂ ಬಳಸಬಹುದಾ?

ಹಳೇ_ಎಚ್‌ಆರ್

ಮಾಸ್ತ್ರೇ, ನಿಮ್ಮದು ಬೇರೆ ನಿಯಮ. ಆಡಳಿತ ಮಂಡಳಿ, ಇಲಾಖೆ ಎಲ್ಲ ಬರುತ್ತೆ. ಇದನ್ನು ನೋಡಿ ಕೊಡಬೇಡಿ. ಬೇರೆ ಎಳೆ ಶುರು ಮಾಡಿ, ಗೊತ್ತಿರೋರು ಬರ್ತಾರೆ.

ಇಡ್ಲಿ ಅವರೇ, ಒಂದು ಪ್ರಶ್ನೆ. ಈ ಕಂಪನಿಗೆ ಯಾವತ್ತು ಸೇರಿದ್ದು?

ತಟ್ಟೆಇಡ್ಲಿ

2020 ಜುಲೈ 6. ಕೊರೋನಾ ಟೈಮು. ಲ್ಯಾಪ್‌ಟಾಪ್ ತುಮಕೂರಿಗೆ ಕೊರಿಯರ್‌ನಲ್ಲಿ ಬಂದಿತ್ತು. ಒಂದೂವರೆ ವರ್ಷ ಆಫೀಸ್ ಮುಖವೇ ನೋಡಿರಲಿಲ್ಲ. ಯಾಕೆ?

ಹಳೇ_ಎಚ್‌ಆರ್

ಅದೇ ಅಂದುಕೊಂಡೆ. ಈ ಜುಲೈ 5ಕ್ಕೆ ನಿಮಗೆ ಐದು ವರ್ಷ ತುಂಬುತ್ತೆ. ಗ್ರಾಚ್ಯುಟಿ ಬಗ್ಗೆ ಯಾರೂ ಹೇಳಲಿಲ್ವಾ?

ಮೇಲಿನ ಬೇಸಿಕ್ಕನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ. 48,000ವನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ, ಐದು ವರ್ಷಕ್ಕೆ ಗುಣಿಸಿದರೆ 1,38,461 ರೂಪಾಯಿ. ನೀವು ಮೇ 2ಕ್ಕೆ ಬೈಔಟ್ ಮಾಡಿ ಹೋದರೆ ಆ ಕಡೆ ದುಡ್ಡು ಕಟ್ಟೋದು, ಈ ಕಡೆ ಇದೂ ಕೈ ತಪ್ಪಬಹುದು.

"ಬಹುದು" ಅಂದಿದ್ದಕ್ಕೆ ಕಾರಣ ಇದೆ. ಗ್ರಾಚ್ಯುಟಿ ಕಾಯ್ದೆಯಲ್ಲಿ ಐದು ವರ್ಷ ಸತತ ಸೇವೆ ಅಂತಿದೆ. ಅದೇ ಕಾಯ್ದೆಯ 2ಎ ಕಲಮಿನಲ್ಲಿ, ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದರೆ ಒಂದು ವರ್ಷದ ಸೇವೆ ಅಂತ ಹಿಡೀಬೇಕು ಅನ್ನೋ ಮಾತಿದೆ. ಇದರ ಮೇಲೆ ಐದನೇ ವರ್ಷ ಪೂರ್ತಿ ಆಗದಿದ್ದರೂ ಕೊಡಬೇಕು ಅಂತ ಮದ್ರಾಸ್ ಹೈಕೋರ್ಟ್ ಹೇಳಿದೆ. ಕೆಲವು ಕಂಪನಿಗಳು ಅದನ್ನು ಪಾಲಿಸ್ತಾವೆ. ಕೆಲವು "ಐದು ತುಂಬಲಿ" ಅಂತ ಕೂತಿರ್ತಾವೆ.

ನೂರೆಂಟು_ಟ್ಯಾಬ್

ಐಟಿಯಲ್ಲಿ ವಾರಕ್ಕೆ ಐದೇ ದಿನ ಕೆಲಸ ಅಲ್ವಾ. 240 ದಿನ ಹೇಗೆ ಬರುತ್ತೆ?

ಹಳೇ_ಎಚ್‌ಆರ್

ಒಳ್ಳೇ ಪ್ರಶ್ನೆ, ಎಷ್ಟೋ ಎಚ್‌ಆರ್‌ಗಳೇ ಇದನ್ನು ಮರೀತಾರೆ. ವಾರಕ್ಕೆ ಆರು ದಿನಕ್ಕಿಂತ ಕಡಿಮೆ ನಡೆಯೋ ಕಡೆ 240 ಅಲ್ಲ, 190 ದಿನ ಸಾಕು. ಅದೇ ಕಲಮಿನಲ್ಲೇ ಇದೆ. ಇವರ ಐದನೇ ವರ್ಷ 2024 ಜುಲೈ 6ಕ್ಕೆ ಶುರುವಾಗಿದೆ. ಮೇ 2ರವರೆಗೆ 43 ವಾರ. ವಾರಕ್ಕೆ ಐದರಂತೆ 215, ಹಬ್ಬದ ರಜೆ ಹತ್ತು ಕಳೆದರೂ 205. ಸಂಬಳದ ರಜೆ ಹಾಕಿದ ದಿನಗಳೂ ಲೆಕ್ಕಕ್ಕೆ ಸೇರುತ್ತವೆ. ಹಾಗಾಗಿ 190 ದಾಟುತ್ತೆ.

ಆದರೆ ಕಂಪನಿ ಒಪ್ಪದಿದ್ದರೆ ನೀವು ಗ್ರಾಚ್ಯುಟಿ ಕೇಳುವ ಅರ್ಜಿ ಫಾರ್ಮ್ ಐ ಕೊಟ್ಟು, ಅದಕ್ಕೂ ಬಗ್ಗದಿದ್ದರೆ ಕಾರ್ಮಿಕ ಇಲಾಖೆಗೆ ಅಲೆಯಬೇಕು. ಗೆಲ್ಲಬಹುದು, ಆದರೆ ಹೊಸ ಕೆಲಸದ ಮಧ್ಯೆ ಎಷ್ಟು ಜನ ಅಲೀತಾರೆ ಹೇಳಿ.

ಬೈಟುಕಾಫಿ

ಹಾಗಾದರೆ ಮೇಲ್ ಕಳಿಸೋದನ್ನೇ ಐದು ವಾರ ಮುಂದಕ್ಕೆ ಹಾಕಲಿ. ಏಪ್ರಿಲ್ 7ಕ್ಕೆ ಹಾಕಿದರೆ 90 ದಿನ ಜುಲೈ 6ಕ್ಕೆ ಮುಗಿಯುತ್ತೆ. ಐದು ವರ್ಷ ಕಣ್ಣುಮುಚ್ಚಿ ತುಂಬುತ್ತೆ.

ಶೆಟ್ರ_ಮಗಳು

ಹೊಸ ಕಂಪನಿ ಜುಲೈವರೆಗೆ ಕಾಯುತ್ತಾ? ಒಂದೂಕಾಲು ಲಕ್ಷಕ್ಕೆ ಆಫರ್ ಕಳ್ಕೊಂಡರೆ ಕಷ್ಟ. ಮೊದಲು ಅವರನ್ನು ಕೇಳಿ.

ತಟ್ಟೆಇಡ್ಲಿ

ತಲೆ ತಿರುಗ್ತಾ ಇದೆ. ಅವರನ್ನು ಕೇಳಿ ಹೇಳ್ತೇನೆ. ಈ ಮಧ್ಯೆ ಹ್ಯಾಂಡೋವರ್ ಸಾಲು ಸರಿ ಇದೆಯಾ?

ರಾತ್ರಿ_ಆನ್‌ಕಾಲ್

ಇಲ್ಲ. "ಎಲ್ಲ ಕೆಲಸವನ್ನೂ ಪೂರ್ತಿಯಾಗಿ" ಅಂತ ಬರೆದರೆ, ಆರು ತಿಂಗಳಾದ ಮೇಲೂ ನಿಮಗೆ ಫೋನ್ ಬರುತ್ತೆ. ಏನು, ಯಾರಿಗೆ, ಯಾವಾಗ, ಇಷ್ಟೇ ಹೇಳಿ. ಹದಿನೈದು ದಿನದಲ್ಲಿ ಪಟ್ಟಿ ಕೊಡ್ತೇನೆ, ಯಾರಿಗೆ ಕೊಡಬೇಕು ಅಂತ ನೀವು ಹೆಸರು ಹೇಳಿ, ಕೊನೆಯ ಎರಡು ವಾರ ಹೊಸ ಕೆಲಸ ಹಿಡಿಯಲ್ಲ. ಹೆಸರು ಕೊಡಬೇಕಾದ್ದು ಮ್ಯಾನೇಜರ್ ಅನ್ನೋದು ಮೇಲ್‌ನಲ್ಲೇ ಇರಲಿ. ನಮ್ಮಲ್ಲಿ ಒಬ್ಬನಿಗೆ 85ನೇ ದಿನ ಆಳು ಸಿಕ್ಕ. ಐದು ದಿನದಲ್ಲಿ ಏನು ಹೇಳಿಕೊಡ್ತೀರಿ?

ಇನ್ನು ನಿಜವಾದ ವಿಷಯ. ಹ್ಯಾಂಡೋವರ್ ಅಂದರೆ ಎಲ್ಲರೂ ಡಾಕ್ಯುಮೆಂಟ್ ಬರೆಯೋದು ಅಂದ್ಕೋತಾರೆ. ಡಾಕ್ಯುಮೆಂಟ್ ಯಾರೂ ಓದಲ್ಲ. ನಿಮ್ಮ ಲಾಗಿನ್ ಬಂದ್ ಮಾಡಿದ ಮಾರನೇ ದಿನ ಏನೇನು ಸಾಯುತ್ತೆ, ಅದನ್ನು ಹುಡುಕಿ. ನಮ್ಮ ಟೀಮಿನ ಒಬ್ಬ ಸೀನಿಯರ್ ಹೋದ. ಕೇಕ್ ಕಟ್ ಮಾಡಿ, ಶಾಲು ಹೊದಿಸಿ ಕಳಿಸಿದ್ವಿ. ಐಟಿಯವರು ಗಿಟ್‌ಹಬ್‌ನಿಂದ ಅವನ ಅಕೌಂಟ್ ತೆಗೆದರು. ಅವತ್ತೇ ಬಿಲ್ಡ್ ನಿಂತಿತು, ಯಾಕಂದರೆ ಬಿಲ್ಡ್ ಸರ್ವರ್ ಕೋಡ್ ಎಳೆಯುತ್ತಿದ್ದದ್ದು ಅವನ ಸ್ವಂತ ಟೋಕನ್‌ನಲ್ಲಿ. ಅದು ಕೂಡಲೇ ಗೊತ್ತಾಯಿತು, ಸರಿ ಮಾಡಿದ್ವಿ. ಆದರೆ ತಿಂಗಳಿಗೊಮ್ಮೆ ಓಡುವ ಒಂದು ರಿಪೋರ್ಟ್ ಅವನದೇ ಯೂಸರ್‌ನ ಕ್ರಾನ್‌ನಲ್ಲಿತ್ತು. ಅದು ಓಡಲಿಲ್ಲ ಅಂತ ಯಾರಿಗೂ ಗೊತ್ತಾಗಲಿಲ್ಲ. ಮೂರು ವಾರ ಆದ ಮೇಲೆ ಫೈನಾನ್ಸ್‌ನವರು "ಈ ತಿಂಗಳ ಶೀಟ್ ಎಲ್ಲಿ" ಅಂತ ಕೇಳಿದಾಗ ಬಯಲಾಯಿತು. ಕೂಗಿಕೊಂಡು ಸಾಯೋದಕ್ಕಿಂತ ಸದ್ದಿಲ್ಲದೆ ಸಾಯೋದು ಅಪಾಯ.

ನೀವು ಕೈ ಹಾಕಿದ ಪ್ರತಿ ಸರ್ವರ್‌ನಲ್ಲೂ, ರೆಪೋದಲ್ಲೂ ಇದನ್ನು ಓಡಿಸಿ:

```
crontab -l
grep -rn "ghp_" .
git shortlog -sne HEAD -- payments/
```

ಮೊದಲನೆಯದು ನಿಮ್ಮ ಹೆಸರಲ್ಲಿ ಓಡ್ತಿರೋ ಕ್ರಾನ್ ತೋರಿಸುತ್ತೆ. ಎರಡನೆಯದು ಯಾರೋ ಫೈಲಿನಲ್ಲೇ ಬರೆದಿಟ್ಟ ಗಿಟ್‌ಹಬ್ ಟೋಕನ್ ಹುಡುಕುತ್ತೆ. ಹಳೇ ಥರದ ಟೋಕನ್ ಮಾತ್ರ, ಬಿಲ್ಡ್ ಸರ್ವರ್‌ನ ಸೀಕ್ರೆಟ್‌ಗಳಲ್ಲಿ ಇರೋದು ಇದಕ್ಕೆ ಸಿಗಲ್ಲ, ಅದನ್ನು ಕೈಯಿಂದಲೇ ನೋಡಬೇಕು. ಮೂರನೆಯದು ಆ ಫೋಲ್ಡರ್‌ಗೆ ಯಾರ್ಯಾರು ಎಷ್ಟು ಕಮಿಟ್ ಮಾಡಿದ್ದಾರೆ ಅನ್ನುತ್ತೆ. ನಿಮ್ಮದು 400 ಇದ್ದು ಮುಂದಿನವರದು 6 ಇದ್ದರೆ, ಅವರಿಗೆ ಕೆಲಸ ಹೇಳಿಕೊಡೋ ಕೆಟಿ ಮೊದಲು ಅಲ್ಲಿಂದ ಶುರು ಮಾಡಿ.

ಟೋಕನ್ ಸಿಕ್ಕ ಕಡೆ ಡಿಪ್ಲಾಯ್ ಕೀ ಹಾಕಿ, ಅದು ವ್ಯಕ್ತಿ ಹೋದರೂ ಬದುಕಿರುತ್ತೆ. ಕ್ರಾನ್ ಇದ್ದದ್ದನ್ನು ಸರ್ವಿಸ್ ಅಕೌಂಟಿಗೆ ಸಾಗಿಸಿ. ಆಮೇಲೆ ಕೊನೆಯ ದಿನಕ್ಕೆ ಎರಡು ವಾರ ಮುಂಚೆ ನಿಮ್ಮ ಪರ್ಮಿಷನ್ ಒಂದು ದಿನ ತೆಗೆಸಿ ನೋಡಿ. ಏನು ಬಿದ್ದರೂ ಎಬ್ಬಿಸೋಕೆ ನೀವಿನ್ನೂ ಅಲ್ಲೇ ಇರ್ತೀರಿ.

ಗುಂಡ_ಇನ್_ವೈಟ್‌ಫೀಲ್ಡ್

ಇಷ್ಟೆಲ್ಲ ಯಾಕೆ ಮಾಡಬೇಕು? ಹೈಕ್ ಕೊಡದ ಕಂಪನಿ. ಬಿದ್ದರೆ ಬೀಳಲಿ.

ರಾತ್ರಿ_ಆನ್‌ಕಾಲ್

ಬಿದ್ದಾಗ ರಾತ್ರಿ ಎರಡಕ್ಕೆ ಏಳೋದು ಕಂಪನಿ ಅಲ್ಲ ಗುಂಡ. ನಾನು.

ಮಲ್ಲಿಗೆ_ಮೊಗ್ಗು

ಕೆಟಿ ಬಗ್ಗೆ ಒಂದು ಮಾತು. ನೀವು ಎರಡು ತಾಸು ಹೇಳಿ ಅವರು ತಲೆ ಆಡಿಸಿದರೆ ಅದು ಕೆಟಿ ಅಲ್ಲ. ಮಾರನೇ ದಿನ ಅವರು ನಿಮಗೆ ಹೇಳಬೇಕು, ನೀವು ಸುಮ್ನೆ ಕೇಳಬೇಕು. ನಮ್ಮಲ್ಲಿ ಒಬ್ಬ ಹುಡುಗಿ ಹಾಗೆ ತಿರುಗಿ ಹೇಳುವಾಗ, ರೀಫಂಡ್ ಎರಡು ಸಲ ಹೋಗದ ಹಾಗೆ ತಡೆಯೋ ಜಾಗವನ್ನೇ ಬಿಟ್ಟು ಮುಂದೆ ಹೋದಳು. ನಾನು ಅದನ್ನು ಹೇಳಿದ್ದೇನೆ ಅಂದ್ಕೊಂಡಿದ್ದೆ. ರೆಕಾರ್ಡಿಂಗ್ ನೋಡಿದರೆ ಹೇಳಿಯೇ ಇರಲಿಲ್ಲ.

ಇನ್ನೊಂದು, ಆ ಅಪ್ರೈಸಲ್ ಸಾಲು ತೆಗೆಯಿರಿ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಈ ಮೇಲ್ ನಿಮ್ಮ ಫೈಲಿನಲ್ಲಿ ಕೂರುತ್ತೆ. ಎಕ್ಸಿಟ್ ಇಂಟರ್‌ವ್ಯೂನಲ್ಲಿ ಬಾಯಲ್ಲಿ ಹೇಳಿ.

ಸಿರ್ಸಿ_ಸರ್ವರ್

ಒಪ್ಪಲ್ಲ. ಎಲ್ಲರೂ "ಸ್ವಂತ ಕಾರಣ" ಅಂತ ಬರೆದೇ ಕಂಪನಿಗಳಿಗೆ ಬುದ್ಧಿ ಬಂದಿಲ್ಲ.

ಮಲ್ಲಿಗೆ_ಮೊಗ್ಗು

ಕಾರಣವನ್ನೇ ಬರೀಬೇಡಿ ಅಂತಿದ್ದೇನೆ. ಸ್ವಂತ ಕಾರಣ ಅಂತಲೂ ಬೇಡ. ಬಿಡ್ತಿದ್ದೇನೆ, ಅಷ್ಟೇ. "ಎರಡನೇ ಮನೆ" ಕೂಡ ಬೇಡ. ಬೈದ ಮುಂದಿನ ಸಾಲಿನಲ್ಲೇ ಮನೆ ಅಂದರೆ ಯಾರು ನಂಬ್ತಾರೆ? ಥ್ಯಾಂಕ್ಸ್ ಹೇಳೋದಾದರೆ ನಡೆದದ್ದನ್ನು ಹೇಳಿ. ಮ್ಯಾನೇಜರ್ ನಿಮಗೆ ನಿಜವಾಗಿ ಏನಾದರೂ ಮಾಡಿದ್ದಾರಾ?

ತಟ್ಟೆಇಡ್ಲಿ

ಮಾಡಿದ್ದಾರೆ. ನಾನು ಸೇರಿದ ಎರಡನೇ ತಿಂಗಳು ಸೆಟಲ್‌ಮೆಂಟ್ ಫೈಲ್ ಎರಡು ಸಲ ಕಳಿಸಿಬಿಟ್ಟಿದ್ದೆ. ಬ್ಯಾಂಕಿನವರ ಕಾಲ್‌ನಲ್ಲಿ ನನ್ನ ಹೆಸರು ಹೇಳದೆ ತಾವೇ ಮಾತಾಡಿದರು. ಆಮೇಲೂ ಯಾವತ್ತೂ ಅದನ್ನು ಎತ್ತಿ ಆಡಲಿಲ್ಲ.

ಮಲ್ಲಿಗೆ_ಮೊಗ್ಗು

ಅದನ್ನು ಬರೆಯಿರಿ.

ತಟ್ಟೆಇಡ್ಲಿ

ಅಪ್‌ಡೇಟ್. ಹೊಸ ಕಂಪನಿಯವರು ಜುಲೈಗೆ ಆಗಲ್ಲ ಅಂದರು. ಜೂನ್ 2ರ ಸೋಮವಾರದವರೆಗೆ ಕಾಯ್ತಾರಂತೆ. ಅಂದರೆ ಬೈಔಟ್ ಬೇಡ, 90 ದಿನ ಪೂರ್ತಿ ಮಾಡ್ತೇನೆ. ಗ್ರಾಚ್ಯುಟಿ ಬಗ್ಗೆ ಎಚ್‌ಆರ್‌ನ ಗೆಳತಿಯನ್ನು ಸುಮ್ನೆ ಕೇಳಿದ ಹಾಗೆ ಕೇಳಿದೆ. "ಐದು ವರ್ಷ ಆಗ್ಬೇಕು ಕಣೇ" ಅಂದಳು. 190 ದಿನದ ಮಾತು ಕೇಳಿ "ಅದೇನದು?" ಅಂದಳು.

ಹೊಸ ಮೇಲ್:

"ಸರ್, ನನ್ನ ಹುದ್ದೆಗೆ ಈ ಮೂಲಕ ರಾಜೀನಾಮೆ ಕೊಡುತ್ತಿದ್ದೇನೆ. ಇಂದಿನ ತಾರೀಕು 2025 ಮಾರ್ಚ್ 3. ಅಪಾಯಿಂಟ್‌ಮೆಂಟ್ ಲೆಟರ್ ಪ್ರಕಾರ 90 ದಿನದ ನೋಟಿಸ್ ಸೇರಿ ನನ್ನ ಕೊನೆಯ ದಿನ 2025 ಜೂನ್ 1. ಅದು ಭಾನುವಾರವಾದ್ದರಿಂದ ಮೇ 30ರ ಶುಕ್ರವಾರ ಲ್ಯಾಪ್‌ಟಾಪ್ ಒಪ್ಪಿಸುತ್ತೇನೆ. ಈ ತಾರೀಕುಗಳನ್ನು ದಯವಿಟ್ಟು ಬರವಣಿಗೆಯಲ್ಲಿ ಖಚಿತಪಡಿಸಿ.

ನಾನು ನೋಡಿಕೊಳ್ಳುವ ಸರ್ವಿಸ್, ಕ್ರಾನ್ ಮತ್ತು ಅಕ್ಸೆಸ್‌ಗಳ ಪಟ್ಟಿಯನ್ನು ಮಾರ್ಚ್ 17ರೊಳಗೆ ಕೊಡುತ್ತೇನೆ. ಯಾರಿಗೆ ಹಸ್ತಾಂತರಿಸಬೇಕು ಎಂದು ಮಾರ್ಚ್ ಕೊನೆಯೊಳಗೆ ತಿಳಿಸಿದರೆ ಏಪ್ರಿಲ್‌ನಲ್ಲಿ ಕೆಟಿ ಮುಗಿಸಬಹುದು. ಮೇ ಪೂರ್ತಿ ಅವರು ಆನ್‌ಕಾಲ್ ಇರಲಿ, ನಾನು ಜೊತೆಗಿರುತ್ತೇನೆ.

2020ರಲ್ಲಿ ಆ ಸೆಟಲ್‌ಮೆಂಟ್ ಫೈಲಿನ ದಿನ ನೀವು ನನ್ನ ಪರ ನಿಂತದ್ದನ್ನು ಮರೆತಿಲ್ಲ. ಥ್ಯಾಂಕ್ಸ್ ಸರ್."

ಹಳೇ_ಎಚ್‌ಆರ್

ಚೆನ್ನಾಗಿದೆ. ಜೂನ್ 2ಕ್ಕೇ ಅಲ್ಲಿ ಸೇರ್ತೀರಿ, ಆದ್ದರಿಂದ ಪಿಎಫ್‌ನಲ್ಲಿ ಬಿಟ್ಟ ತಾರೀಕು ಜೂನ್ 1 ಅಂತಲೇ ಬಿದ್ದಿದೆಯಾ ಅಂತ ಆಮೇಲೆ ನೋಡಿ. ಗ್ರಾಚ್ಯುಟಿಯನ್ನು ಈ ಮೇಲ್‌ನಲ್ಲಿ ತರಬೇಡಿ. ಒಪ್ಪಿಗೆ ಬಂದ ಮೇಲೆ ಬೇರೆ ಮೇಲ್‌ನಲ್ಲಿ, ಕಲಮಿನ ಸಂಖ್ಯೆ ಸಮೇತ ಕೇಳಿ. ಗೆಳತಿ ಬಾಯಲ್ಲಿ ಹೇಳಿದ್ದು ಉತ್ತರ ಅಲ್ಲ.

ಬೈಟುಕಾಫಿ

ಕೊಡಲ್ಲ ಅಂತ ನನ್ನ ಪಂದ್ಯ. ಒಂದು ಮಸಾಲೆ ದೋಸೆ.

ಶೆಟ್ರ_ಮಗಳು

ಕೊಡ್ತಾರೆ. ಫಾರ್ಮ್ ಐ ನೋಡಿದ ಮೇಲೆ. ಎರಡು ದೋಸೆ.

ರಾತ್ರಿ_ಆನ್‌ಕಾಲ್

ಕ್ರಾನ್ ನೋಡಿದ್ರಾ?

ತಟ್ಟೆಇಡ್ಲಿ

ಈಗಷ್ಟೇ `crontab -l` ಹೊಡೆದೆ. ನಾಲ್ಕು ಬಂತು. ಮೂರು ಗೊತ್ತು. ನಾಲ್ಕನೆಯದು ದಿನಾ ಬೆಳಗಿನ ಜಾವ 3.10ಕ್ಕೆ ಓಡ್ತಿದೆ. ಯಾವಾಗ ಬರೆದೆ, ಯಾಕೆ ಬರೆದೆ, ಒಂದೂ ನೆನಪಿಲ್ಲ.